ಕತ್ತಲೆಯಲ್ಲಿ ಉಡಿಸುವ ಸೀರೆ

ಬೊಮ್ಮಕ್ಕ ತೆಗೆದ ಉಣ್ಣೆ ನೂಲನ್ನು ಹಿರಿಯೂರು ಸಂತೆಯಲ್ಲಿ ಗುರುತು ಹಿಡಿಯುವವರಿದ್ದರು. ಎಳೆ ಸಣ್ಣ, ಗಂಟಿಲ್ಲ, ಎಳೆದರೆ ಹರಿಯುವುದಿಲ್ಲ. ಐಮಂಗಲದ ಪಕ್ಕದ ಕುರುಬರ ಹಟ್ಟಿಯಲ್ಲಿ ಅವಳ ನೂಲಿಗೆ ಎಷ್ಟು ಹೆಸರಿತ್ತೋ ಅವಳ ನಾಲಿಗೆಗೂ ಅಷ್ಟೇ ಹೆಸರಿತ್ತು. ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಮಲಗುವ ಹೆಂಗಸಲ್ಲ ಅದು ಎಂದು ಹಟ್ಟಿಯವರು ಹೇಳುತ್ತಿದ್ದರು. ಹೇಳುವಾಗ ಸ್ವಲ್ಪ ಹೆದರಿಕೆಯೂ ಇರುತ್ತಿತ್ತು, ಸ್ವಲ್ಪ ಖುಷಿಯೂ ಇರುತ್ತಿತ್ತು.

ಚಿಕ್ಕ ವಯಸ್ಸಿನಲ್ಲೇ ಅವಳನ್ನು ಹೊಳಲ್ಕೆರೆ ಕಡೆಯ ರಾಮಗಿರಿಯ ಜುಂಜಪ್ಪನಿಗೆ ಕೊಟ್ಟಿದ್ದರು. ಜುಂಜಪ್ಪ ಕೆಟ್ಟವನೇನಲ್ಲ, ಆದರೆ ಮನಸ್ಸು ಬೇರೆ ಕಡೆ ಇತ್ತು. ಅವನು ಇನ್ನೊಬ್ಬಳನ್ನು ಮನೆಗೆ ತಂದಾಗ ಬೊಮ್ಮಕ್ಕ ಕೂಗಾಡಲಿಲ್ಲ. ಗಂಟು ಕಟ್ಟಿಕೊಂಡು ತವರಿಗೆ ಬಂದು, ಕಟ್ಟೆಮನೆಗೆ ಹೇಳಿ ಕಳಿಸಿದಳು. ಕಟ್ಟೆಮನೆ ಎಂದರೆ ಕುಲದ ಪಂಚಾಯಿತಿ. ಮದುವೆ, ಜಗಳ, ದಂಡ ಎಲ್ಲ ಅಲ್ಲೇ ತೀರುತ್ತಿದ್ದವು. ಅದರ ಗೌಡಿಕೆ ರಂಗಯ್ಯನದು. ಜುಂಜಪ್ಪ ಬಂದ. ಇಬ್ಬರೂ ಬೇಡವೆಂದರು. ರಂಗಯ್ಯ ಗೌಡರ ಎದುರಿನಲ್ಲಿ ಜುಂಜಪ್ಪ ಅವಳ ಸೀರೆಯ ಸೆರಗಿನಿಂದ ಒಂದು ಚೂರು ಹರಿದು ಅವಳ ಕೈಗೆ ಕೊಟ್ಟ. ಅವಳು ತಾಳಿ ಬಿಚ್ಚಿ ಅವನ ಕೈಗೆ ಹಾಕಿದಳು. ಕೂತವರು ಎಲೆ ಅಡಿಕೆ ಹಾಕಿಕೊಂಡರು. ಕುಲದಲ್ಲಿ ಬಿಡುಗಡೆ ಆಗುತ್ತಿದ್ದುದೇ ಹೀಗೆ.

ಆಮೇಲೆ ಅವಳ ನೂಲಿನಿಂದ ಕಂಬಳಿ ನೇಯುತ್ತಿದ್ದವನು ಅದೇ ಹಟ್ಟಿಯ ಸಣ್ಣಪ್ಪ. ಹೆಂಡತಿ ಸತ್ತವನು, ಮಾತು ಕಡಿಮೆ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂತರೆ ಎದ್ದೇಳಲು ಯಾರಾದರೂ ನೆನಪು ಮಾಡಬೇಕು. ನೂಲು ಕೊಡಲು ಹೋಗುತ್ತಿದ್ದ ಬೊಮ್ಮಕ್ಕ ಹುಣಸೆ ಬೀಜದ ಗಂಜಿ ಕಾಯಿಸಿ ಮಗ್ಗದ ಹಾಸು ನೂಲಿಗೆ ಬಳಿದು ಕೊಡುವುದಕ್ಕೆ ಶುರುಮಾಡಿದಳು. ಗಂಜಿ ಆರುವವರೆಗೆ ಕಾಯಬೇಕು. ಕಾಯುತ್ತ ಕಾಯುತ್ತ ಅಲ್ಲೇ ಉಳಿದಳು. ಯಾರಿಂದಲೂ ಮುಚ್ಚಿಡಲಿಲ್ಲ.

ರಂಗಯ್ಯ ಗೌಡರು ಅವಳನ್ನು ಕಟ್ಟೆಗೆ ಕರೆಸಿದರು.

"ನೋಡಮ್ಮ ಬೊಮ್ಮಕ್ಕ, ಆಗಿದ್ದು ಆಯ್ತು. ನಮ್ಮಲ್ಲಿ ಉಡಿಕೆ ಐತಲ್ಲ. ಮಾಡ್ಕಂಡು ಮರ್ಯಾದೆಯಾಗಿರ್ರಿ. ಯಾರು ಬ್ಯಾಡ ಅಂತಾರೆ?"

ಉಡಿಕೆ ಎಂದರೆ ಎರಡನೇ ಸಲದ ಹೆಂಗಸಿಗೆ ಸೀರೆ ಉಡಿಸಿ ಗಂಡಿನ ಮನೆಗೆ ಸೇರಿಸುವ ಶಾಸ್ತ್ರ. ಅದನ್ನು ರಾತ್ರಿ ಹೊತ್ತಿನಲ್ಲಿ ಮಾಡಬೇಕು. ವಾಲಗ ಇಲ್ಲ, ಚಪ್ಪರ ಇಲ್ಲ. ಮುತ್ತೈದೆಯರು ಆ ಕಡೆ ತಲೆ ಹಾಕುವುದಿಲ್ಲ. ವಿಧವೆಯರೇ ಸೀರೆ ಉಡಿಸಬೇಕು. ಅಲ್ಲಿಂದ ಮುಂದೆ ಆ ಹೆಂಗಸು ಯಾರ ಮದುವೆಯಲ್ಲೂ ಅರಿಶಿನ ಮುಟ್ಟುವಂತಿಲ್ಲ, ಆರತಿ ತಟ್ಟೆ ಹಿಡಿಯುವಂತಿಲ್ಲ.

"ಗೌಡ್ರೆ, ಜುಂಜಪ್ಪ ಇನ್ನೊಬ್ಬಳನ್ನ ಕಟ್ಕಂಡಾಗ ಹಗಲೊತ್ತಲ್ಲಿ ವಾಲಗ ಊದಿಸ್ಕಂಡು ಕಟ್ಕಂಡ," ಎಂದಳು ಬೊಮ್ಮಕ್ಕ. "ನಾನು ಮಾತ್ರ ಕತ್ಲಲ್ಲಿ ಕಳ್ಳಿ ಹಂಗೆ ಸೀರೆ ಉಟ್ಕಬೇಕಾ? ಹಗಲೊತ್ತಲ್ಲಿ ಮಾಡ್ಸಿ, ಮಾಡ್ಕಂತೀನಿ."

"ಹಿಂದಿನಿಂದ ಬಂದಿದ್ದನ್ನ ಹಂಗೆಲ್ಲ ಮುರಿಯಕ್ಕಾಗ್ತದಾ?"

"ಹಂಗಾರೆ ನನಗೆ ಉಡಿಕೆ ಬ್ಯಾಡ. ನಾನಿರೋ ಮನೆ ನಾನಿರ್ತೀನಿ."

ಕೂತಿದ್ದವರಲ್ಲಿ ಒಬ್ಬ ಕಿಸಕ್ಕೆಂದು ನಕ್ಕ. ಆ ನಗು ಗೌಡರಿಗೆ ತಾಕಿತು. ಅವರು ಎದ್ದು ನಿಂತರು. "ಕಟ್ಟೆ ಮಾತಿಗೆ ಬೆಲೆ ಇಲ್ಲ ಅಂದ್ಕಂಡಿದೀಯಾ? ಸರ್ಕಾರ ಐತೆ. ನಿನ್ನೂ ಅವನ್ನೂ ಜೈಲಿಗೆ ಕಳಿಸ್ತೀನಿ ನೋಡ್ತಿರು."

ಮರುವಾರವೇ ಗೌಡರು ಹಿರಿಯೂರು ಠಾಣೆಗೆ ಹೋದರು. ಅಲ್ಲಿ ಆದದ್ದನ್ನು ಬೊಮ್ಮಕ್ಕನಿಗೆ ಹೇಳಿದವಳು ಪಕ್ಕದ ಮನೆಯ ಬರಗೇರಮ್ಮ. ಅವಳ ತಮ್ಮನೇ ಗೌಡರ ಗಾಡಿ ಹೊಡೆದುಕೊಂಡು ಹೋಗಿದ್ದ. ಬರಗೇರಮ್ಮ ತಾನೂ ಉಡಿಕೆಯಾದ ಮುದುಕಿ, ಹೀಗಾಗಿ ಅವಳಿಗೆ ಈ ಸುದ್ದಿ ಹೇಳುವುದರಲ್ಲಿ ವಿಶೇಷ ರುಚಿ ಇತ್ತು.

"ಪೊಲೀಸ್ರು ಕೇಳಿದ್ರಂತೆ, ಆ ಹೆಂಗ್ಸಿಗೆ ಗಂಡ ಅವ್ನಾ ಅಂತ. ಬಿಡುಗಡೆ ಆಗೈತೆ ಅಂದ್ರಂತೆ ಗೌಡ್ರು. ಹಂಗಾರೆ ಯಾವ ಕಲಮಿನ ಮ್ಯಾಲೆ ಹಿಡೀಲಿ, ಗಂಡ ಇಲ್ಲದ ಹೆಂಗ್ಸು ಹೆಂಡ್ತಿ ಇಲ್ಲದ ಗಂಡ್ಸು ಒಂದು ಮನೇಲಿದ್ರೆ ಪೀನಲ್ ಕೋಡ್ನಲ್ಲಿ ಅದಕ್ಕೆ ಜಾಗ ಇಲ್ಲ ಅಂದ್ರಂತೆ. ಬೀದೀಲಿ ಏನಾರ ಅಸಹ್ಯ ಮಾಡಿದ್ರಾ? ಇಲ್ಲ. ಊರ ಜನಕ್ಕೆಲ್ಲ ಉಪದ್ರ ಆಗೈತಾ? ಗೌಡ್ರು ಅಂದ್ರಂತೆ, ಊರಿಗೆಲ್ಲ ಹೊಟ್ಟೆ ಉರೀತೈತೆ ಅಂತ. ಹೊಟ್ಟೆ ಉರಿಗೆ ಡಾಕ್ಟ್ರತ್ರ ಹೋಗ್ರಿ ಅಂದ್ರಂತೆ!" ಬರಗೇರಮ್ಮ ಕೆಮ್ಮು ಬರುವವರೆಗೂ ನಕ್ಕಳು.

ಬೊಮ್ಮಕ್ಕನೂ ನಕ್ಕಳು. ಆದರೆ ಠಾಣೆಯ ಮುನ್ಷಿ ಗೌಡರಿಗೆ ಇನ್ನೊಂದು ಮಾತೂ ಹೇಳಿ ಕಳಿಸಿದ್ದ. ಬೇರೆಯವನ ಹೆಂಡತಿ ಎಂದು ಗೊತ್ತಿದ್ದೂ ಅವನ ಒಪ್ಪಿಗೆ ಇಲ್ಲದೆ ಅವಳನ್ನು ಕೂಡಿದವನಿಗೆ ನಾನೂರ ತೊಂಬತ್ತೇಳನೇ ಕಲಮಿನಲ್ಲಿ ಐದು ವರ್ಷದವರೆಗೆ ಸಜೆ ಆಗಬಹುದು. ಅದಕ್ಕೆ ಗಂಡನೇ ಬಂದು ಫಿರ್ಯಾದು ಕೊಡಬೇಕು. ಪೊಲೀಸರಾಗಲಿ ಊರಿನವರಾಗಲಿ ಕೊಟ್ಟರೆ ನಡೆಯುವುದಿಲ್ಲ.

ಗೌಡರು ನೇರವಾಗಿ ರಾಮಗಿರಿಗೆ ಹೋಗಿ ಜುಂಜಪ್ಪನನ್ನು ಹಿಡಿದರು. ಉಡಿಕೆ ಆಗುವವರೆಗೆ ಬಿಡುಗಡೆ ಪೂರ್ತಿ ಆಗುವುದಿಲ್ಲ, ಆದ್ದರಿಂದ ಅವಳು ಇನ್ನೂ ನಿನ್ನ ಹೆಂಡತಿಯೇ ಎಂದು ಅವನಿಗೆ ಹೇಳಿದರು. ಇಂಥ ಮಾತನ್ನು ಕುಲದಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆದರೂ ಗೌಡರು ಹೇಳಿದ ಮೇಲೆ ಜುಂಜಪ್ಪ ಇಲ್ಲವೆನ್ನುವುದು ಹೇಗೆ? ತಾಲ್ಲೂಕಿನ ಅಧಿಕಾರಿಯಾದ ಹಿರಿಯೂರಿನ ಅಮಲ್ದಾರರಿಗೆ ಈ ಕಲಮನ್ನು ವಿಚಾರಿಸುವ ಅಧಿಕಾರ ಇರಲಿಲ್ಲ, ಅದು ಮೊದಲನೇ ದರ್ಜೆಯ ಮ್ಯಾಜಿಸ್ಟ್ರೇಟರಿಗೆ ಸೇರಿದ್ದು. ಫಿರ್ಯಾದು ಚಿತ್ರದುರ್ಗದಲ್ಲಿ ದಾಖಲಾಯಿತು. ಸಣ್ಣಪ್ಪನ ಹೆಸರಿಗೆ ವಾರಂಟು ಬಂತು.

ಬೊಮ್ಮಕ್ಕ ವಾರಂಟು ತಂದ ಪೇದೆಯನ್ನು ಕೇಳಿದಳು: "ನನ್ನ ಹೆಸ್ರಿಗೆ?"

"ನಿನ್ನ ಹೆಸ್ರಿಗೆ ಇಲ್ಲಮ್ಮ."

"ಯಾಕಿಲ್ಲ? ಇಬ್ರೂ ಒಂದೇ ಮನೇಲಿಲ್ವಾ?"

"ಈ ಕಲಮಿನಲ್ಲಿ ಹೆಂಗ್ಸಿಗೆ ಶಿಕ್ಷೆ ಇಲ್ಲ. ಸಂತೋಷ ಪಡು," ಎಂದ ಪೇದೆ.

ಬೊಮ್ಮಕ್ಕ ಸಂತೋಷ ಪಡಲಿಲ್ಲ.

ಸಣ್ಣಪ್ಪ ಜಾಮೀನಿನ ಮೇಲೆ ಬಂದ ಮೇಲೆ ಇಬ್ಬರೂ ಚಿತ್ರದುರ್ಗದ ವಕೀಲ ಏಕಾಂತಪ್ಪನವರ ಮನೆಗೆ ಹೋದರು. ಏಕಾಂತಪ್ಪ ಇನ್ನೂ ಹರೆಯದವರು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ನೋಡಮ್ಮ, ನಮ್ಮ ಕಡೆ ಎರಡು ಗೋಡೆ ಅವೆ, ಅವರು ಎರಡನ್ನೂ ಕೆಡವಬೇಕು. ಕೂಡಿದ್ದು ರುಜುವಾತಾಗಬೇಕು, ಒಂದೇ ಸೂರಿನ ಕೆಳಗೆ ಇದ್ರು ಅನ್ನೋದಷ್ಟೇ ಸಾಲದು. ಅದು ಒಂದು ಗೋಡೆ. ನೀನು ಜುಂಜಪ್ಪನ ಹೆಂಡ್ತಿ ಅನ್ನೋದೂ ರುಜುವಾತಾಗಬೇಕು. ಅದು ಇನ್ನೊಂದು. ಮೊದಲನೆಯದನ್ನ ಗಟ್ಟಿ ಹಿಡಿಯೋಣ. ನೀನು ಸಣ್ಣಪ್ಪನ ಮನೇಲಿ ಕೂಲಿಗೆ ನೂಲು ತೆಗೀತೀಯ ಅಂತ ಹೇಳಿದ್ರೆ ಆಯ್ತು."

"ಕೂಲಿಗಾ?" ಎಂದಳು ಬೊಮ್ಮಕ್ಕ. ಅವಳ ಮುಖ ಕೆಂಪಾಯಿತು. "ಇದೇ ಸುಳ್ಳಿನಾಗೆ ಬದುಕೋದಾಗಿದ್ರೆ ಕತ್ಲೆ ಸೀರೆ ಏನು ಭಾರವಾಗಿತ್ತಾ ಸ್ವಾಮಿ?"

"ನೀನು ನಿಜ ಹೇಳಿದ್ರೆ ಒಂದು ಗೋಡೆ ನಿನ್ನ ಬಾಯಿಂದಲೇ ಬೀಳ್ತದೆ. ನಿನಗೇನೂ ಆಗಲ್ಲ. ಜೈಲಿಗೆ ಹೋಗೋನು ಇವನು."

ಬೊಮ್ಮಕ್ಕ ಸಣ್ಣಪ್ಪನ ಕಡೆ ತಿರುಗಿದಳು. ಅವನು ಬೆರಳಿಗಂಟಿದ ಉಣ್ಣೆ ಎಳೆ ಬಿಡಿಸುತ್ತ, "ಬೊಮ್ಮಿ, ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ. ಹೇಳಿದ್ರೂ ಸಿಕ್ಕಾಕ್ಕಂತೀಯ," ಎಂದ. ಅವನ ಬಾಯಿಂದ ಬಂದ ತಮಾಷೆ ಅಪರೂಪ.

ವಿಚಾರಣೆಯ ದಿನ ಕಚೇರಿಯ ಜಗಲಿ ತುಂಬ ಕುಲದವರೇ. ಜುಂಜಪ್ಪ ತಲೆ ತಗ್ಗಿಸಿಕೊಂಡು, ತನಗೆ ಮದುವೆಯಾದ ಹೆಂಡತಿ ಇವಳು ಎಂದ. ಹಾಗೆಂದರೆ ಸಾಲದು ಎಂದು ಏಕಾಂತಪ್ಪ ಎದ್ದರು. ಊರವರು ಗಂಡ ಹೆಂಡತಿ ಎಂದು ತಿಳಿದಿದ್ದರು ಎನ್ನುವುದರಿಂದ ಬೇರೆ ವ್ಯಾಜ್ಯಗಳಲ್ಲಿ ಮದುವೆ ರುಜುವಾತಾಗಬಹುದು, ಈ ಕಲಮಿನಲ್ಲಿ ಆಗುವುದಿಲ್ಲ. ಶಾಸ್ತ್ರ ನಡೆದದ್ದನ್ನು ಕಂಡವರು ಹೇಳಬೇಕು ಎಂದರು. ಕಂಡವರು ಯಾರು? ರಂಗಯ್ಯ ಗೌಡರು. ಅವರೇ ಸಾಕ್ಷಿಯಾಗಿ ಬಂದು ಧಾರೆ, ತಾಳಿ, ಎಲ್ಲವನ್ನೂ ವಿವರವಾಗಿ ಹೇಳಿದರು. ಬರಗೇರಮ್ಮನನ್ನೂ ಕರೆಸಿದ್ದರು.

"ಇಬ್ಬರೂ ಒಟ್ಟಿಗೆ ಇರುವುದನ್ನು ನೋಡಿದ್ದೀಯಾ?" ಎಂದರು ಫಿರ್ಯಾದಿ ವಕೀಲರು.

"ನೋಡಿವ್ನಿ ಸ್ವಾಮಿ. ಒಂದೇ ಒಲೆ."

"ರಾತ್ರಿ?"

"ರಾತ್ರಿ ನನಗೆ ಕಣ್ಣು ಕಾಣಲ್ಲ ಸ್ವಾಮಿ. ನಿಮಗೆ ಕಾಣ್ತದಾ?"

ಜಗಲಿಯಲ್ಲಿ ನಗು ಎದ್ದಿತು. ಮ್ಯಾಜಿಸ್ಟ್ರೇಟರು ಮೇಜು ತಟ್ಟಿದರು. ಮೇಲುನೋಟಕ್ಕೆ ಅಪರಾಧ ಕಾಣುತ್ತದೆ ಎಂದು ಸಣ್ಣಪ್ಪನ ಮೇಲೆ ಚಾರ್ಜು ಓದಿಸಿದರು. ಅವನು ಒಪ್ಪಲಿಲ್ಲ. ಚಾರ್ಜು ಆದ ಮೇಲೆ ಸಾಕ್ಷಿಗಳನ್ನು ತಿರುಗಿ ಕರೆಸಿ ಪಾಟೀಸವಾಲು ಮಾಡುವ ಹಕ್ಕು ಆಪಾದಿತನಿಗೆ ಇದೆ. ಏಕಾಂತಪ್ಪ ರಂಗಯ್ಯ ಗೌಡರನ್ನು ತಿರುಗಿ ಕರೆಸಿದರು.

"ಮದುವೆ ಆದ ಮೇಲೆ ಇದೇ ಗಂಡ ಹೆಂಡತಿ ನಿಮ್ಮ ಕಟ್ಟೆಗೆ ಬಂದಿದ್ದರೇ?"

"ಬಂದಿದ್ರು."

"ಸೆರಗು ಹರಿದದ್ದು ಯಾರು?"

"ಜುಂಜಪ್ಪ," ಎಂದರು ಗೌಡರು.

"ಸಣ್ಣಪ್ಪ ಅಲ್ಲಿದ್ದನೇ?"

"ಎಲ್ರೂ ಇದ್ರು. ಅವನೂ ಇದ್ದ. ಆದ್ರೆ ಉಡಿಕೆ ಆಗೋವರ್ಗೂ—"

"ಉಡಿಕೆ ಆಗುವವರೆಗೆ ಬಿಡುಗಡೆ ಪೂರ್ತಿಯಲ್ಲ ಎಂದು ಯಾವ ಹೆಂಗಸಿಗಾದರೂ ಇದಕ್ಕೆ ಮೊದಲು ಹೇಳಿದ್ದೀರಾ?"

ಗೌಡರು ಫಿರ್ಯಾದಿ ವಕೀಲರ ಕಡೆ ತಿರುಗಿದರು. ವಕೀಲರು ಗಾಬರಿಯಿಂದ ಎದ್ದರು. ಬಿಡುಗಡೆ ನಿಜವಾದರೆ ಮೊಕದ್ದಮೆ ಉಳಿಯುವುದಿಲ್ಲ. ಉಳಿಸಲು ಒಂದೇ ದಾರಿ: ಆ ಬಿಡುಗಡೆಗೆ ಬೆಲೆಯೇ ಇಲ್ಲವೆನ್ನುವುದು. ಅವರು ಗೌಡರನ್ನು ಮರಳಿ ಕೇಳಿದರು: "ಗೌಡರೇ, ಕಟ್ಟೆಮನೆ ಸರ್ಕಾರದ ಕೋರ್ಟಲ್ಲ. ಧಾರೆ ಎರೆದ ಮದುವೆಯನ್ನು ನಾಲ್ಕು ಜನ ಎಲೆ ಅಡಿಕೆ ಹಾಕಿಕೊಂಡು ಬಿಡಿಸಲು ಬರುವುದಿಲ್ಲ. ಅಲ್ಲವೇ?"

"ಉತ್ತರವನ್ನೇ ಪ್ರಶ್ನೆಯಾಗಿ ಕೇಳುತ್ತಿದ್ದಾರೆ," ಎಂದು ಏಕಾಂತಪ್ಪ ಆಕ್ಷೇಪಿಸಿದರು. ಮ್ಯಾಜಿಸ್ಟ್ರೇಟರು ಇನ್ನೂ ಬಾಯಿ ತೆರೆದಿರಲಿಲ್ಲ, ರಂಗಯ್ಯ ಗೌಡರ ಧ್ವನಿ ಮೇಲೇರಿತು.

"ಏನಂದ್ರಿ? ನಾಲ್ಕು ಜನ ಎಲೆ ಅಡಿಕೆ ಹಾಕ್ಕಂಡಾ? ನಮ್ಮಪ್ಪ, ಅವರಪ್ಪ ಕುಂತ ಕಟ್ಟೆ ಅದು. ನಮ್ಮ ಕಟ್ಟೇಲಿ ಬಿಡಿಸಿದ್ರೆ ಬಿಡಿಸಿದಂಗೆ! ಯಾವನು ಬರಲ್ಲ ಅನ್ನೋನು?"

ವಕೀಲರು ಕುಳಿತುಬಿಟ್ಟರು. ತಾವು ಏನು ಹೇಳಿದೆವೆಂದು ಗೌಡರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೂ ಅವರು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಒಂದು ಗಳಿಗೆಯಲ್ಲಿ ಬೊಮ್ಮಕ್ಕನಿಗೆ ಅವರ ಮೇಲೆ ಗೌರವ ಬಂತು.

ಏಕಾಂತಪ್ಪ ಅವಳ ಬಳಿ ಬಂದು ಮೆಲ್ಲಗೆ ಹೇಳಿದರು: "ಇನ್ನು ನೀನು ಸಾಕ್ಷಿ ಹೇಳೋದು ಬ್ಯಾಡ. ಎರಡು ಗೋಡೇನೂ ನಿಂತವೆ."

"ನಾನು ಹೇಳ್ತೀನಿ."

"ಯಾಕಮ್ಮ? ಕಟ್ಟೆ ಬಿಡುಗಡೆ ನಡೆಯಲ್ಲ ಅಂತ ಸಾಹೇಬ್ರು ತೀರ್ಮಾನಿಸಿದ್ರೆ ಇವನು ಹೋದ."

"ಇಷ್ಟೊತ್ತೂ ನನ್ನ ಮ್ಯಾಲೆ ಎಲ್ರೂ ಮಾತಾಡಿದ್ರು. ನನ್ನನ್ನ ಒಬ್ರೂ ಕೇಳಿಲ್ಲ. ಒಲೆ ಕೇಳಿದ್ರು, ಸೆರಗು ಕೇಳಿದ್ರು. ನನ್ನ ಕೇಳಲಿ." ಅವಳು ಸಣ್ಣಪ್ಪನನ್ನು ನೋಡಿದಳು. ಅವನು ಕಟಕಟೆಯಿಂದ ಹೂಂ ಎಂಬಂತೆ ತಲೆ ಆಡಿಸಿದ.

ಬೊಮ್ಮಕ್ಕ ಸಾಕ್ಷಿಯ ಜಾಗದಲ್ಲಿ ನಿಂತು ಪ್ರಮಾಣ ಮಾಡಿದಳು. ಫಿರ್ಯಾದಿ ವಕೀಲರು ತಡಮಾಡದೆ ಕೇಳಿದರು: "ಆಪಾದಿತನ ಜೊತೆ ಹೆಂಡತಿಯ ಹಾಗೆ ಇದ್ದೀಯಾ?"

"ಇದೀನಿ."

"ನಾಚಿಕೆ ಆಗುವುದಿಲ್ಲವೇ?"

"ನನ್ನ ನಾಚಿಕೆಗೂ ಕಲಮು ಐತಾ ಸ್ವಾಮಿ? ಇದ್ರೆ ತೋರಿಸ್ರಿ, ಆ ಕಟಕಟೇಲಿ ನಾನೂ ನಿಂತ್ಕಂತೀನಿ. ಇಲ್ಲಾಂದ್ರೆ ಯಾಕೆ ಕೇಳ್ತೀರಿ?"

ಏಕಾಂತಪ್ಪ ಕಣ್ಣು ಮುಚ್ಚಿಕೊಂಡರು. ಒಂದು ಗೋಡೆ ಬಿದ್ದಿತ್ತು.

ಆಮೇಲೆ ವಾದ ನಡೆಯಿತು. ಫಿರ್ಯಾದಿ ವಕೀಲರು ತಮ್ಮ ವಾದವನ್ನು ದೊಡ್ಡದು ಮಾಡಿದರು. ಒಂದು ಮನೆ ಹೀಗೆ ನಡೆದರೆ ಹತ್ತು ಮನೆ ನಡೆಯುತ್ತವೆ, ನೀತಿ ಹೋದರೆ ಊರು ಉಳಿಯುವುದಿಲ್ಲ; ಊರನ್ನು ಕಾಯುವ ಸರ್ಕಾರ ನೀತಿಯನ್ನೂ ಕಾಯಬೇಕು; ವ್ಯಭಿಚಾರವನ್ನು ಅಪರಾಧ ಎಂದು ಕೋಡಿನಲ್ಲಿ ಬರೆದಿರುವುದೇ ಅದಕ್ಕೆ ಎಂದರು. ಬಿಡುಗಡೆಯ ರೂಢಿಯನ್ನು ಕೋರ್ಟು ಮನ್ನಿಸಬಾರದು, ಮನ್ನಿಸಿದರೆ ಮದುವೆಗೆ ಬೆಲೆಯೇ ಇರುವುದಿಲ್ಲ ಎಂದೂ ಸೇರಿಸಿದರು.

ಏಕಾಂತಪ್ಪ ಹೇಳಿದರು: "ಸುಳ್ಳಾಡುವುದು ಅನೀತಿ. ಸಾಕಿದವರನ್ನು ಮರೆಯುವುದು ಅನೀತಿ. ಕೋಡು ಅವೆಲ್ಲಕ್ಕೆ ಸಜೆ ಹಾಕಿಲ್ಲ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಹಾಕಿದೆ, ಏಕೆಂದರೆ ಅದರಿಂದ ಇನ್ನೊಬ್ಬನಿಗೆ ಕೇಡು. ಇನ್ನು ಈ ಕಲಮು ನೀತಿಗಾಗಿಯೇ ಬರೆದದ್ದಾಗಿದ್ದರೆ, ಗಂಡ ಒಪ್ಪಿದರೆ ಅಪರಾಧವೇ ಇಲ್ಲ ಎಂದು ಏಕೆ ಬರೆದಿದೆ? ಪಾಪ ಗಂಡನ ಒಪ್ಪಿಗೆಯಿಂದ ತೊಳೆದು ಹೋಗುವುದೇ? ಗಂಡನ ಹೊರತು ಬೇರೆ ಯಾರೂ ಫಿರ್ಯಾದು ಕೊಡಬಾರದು ಎಂದು ಏಕಿದೆ? ಬೇಕೆಂದರೆ ಅವನೇ ರಾಜಿಯಾಗಬಹುದು ಎಂದು ಏಕಿದೆ? ಈ ಕಲಮು ಕಾಯುವುದು ಊರಿನ ನೀತಿಯನ್ನಲ್ಲ, ಗಂಡನ ಹಕ್ಕನ್ನು. ಆ ಹಕ್ಕನ್ನು ಜುಂಜಪ್ಪ ತನ್ನ ಕೈಯಾರೆ ಹರಿದು ಕೊಟ್ಟಿದ್ದಾನೆ."

ಬೊಮ್ಮಕ್ಕ ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಗೆಲ್ಲಿಸುವ ಮಾತು ಅದು ಎಂದು ಗೊತ್ತಾಯಿತು. ಆದರೂ ಗಂಡನ ಹಕ್ಕು ಎಂಬ ಮಾತು ಅವಳಿಗೆ ಚುಚ್ಚಿತು.

ತೀರ್ಪಿನ ದಿನ ಮ್ಯಾಜಿಸ್ಟ್ರೇಟರು ಕಾಗದ ನೋಡಿ ಓದಿದರು. ಈ ಕುಲದಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿ ಕಟ್ಟೆಯಲ್ಲಿ ಬಿಡುಗಡೆಯಾಗುವ ರೂಢಿ ಬಹುಕಾಲದಿಂದ ನಡೆದುಬಂದಿದೆ ಎಂದು ಫಿರ್ಯಾದಿಯ ಸಾಕ್ಷಿಯೇ ಹೇಳಿದ್ದಾನೆ. ಗಂಡನ ಇಷ್ಟಕ್ಕೆ ವಿರುದ್ಧವಾಗಿ ಕುಲವು ಮದುವೆ ಮುರಿದಿದ್ದರೆ ಬೇರೆ ಮಾತಾಗುತ್ತಿತ್ತು. ಇಲ್ಲಿ ಗಂಡನೇ ಮುರಿದಿದ್ದಾನೆ. ಉಡಿಕೆಯಾಗದ ಕಾರಣ ಅವಳು ಸಣ್ಣಪ್ಪನ ಹೆಂಡತಿಯಲ್ಲದಿರಬಹುದು, ಅದರಿಂದ ಜುಂಜಪ್ಪನ ಹೆಂಡತಿಯಾಗಿ ಉಳಿಯುವುದಿಲ್ಲ. ಒಂದು ವೇಳೆ ಬಿಡುಗಡೆ ನಿಲ್ಲದು ಎಂದಿಟ್ಟುಕೊಂಡರೂ, ಅದನ್ನು ಕಣ್ಣಾರೆ ಕಂಡ ಸಣ್ಣಪ್ಪನು ಅವಳು ಇನ್ನೊಬ್ಬನ ಹೆಂಡತಿ ಎಂದು ತಿಳಿದಿದ್ದ ಎನ್ನಲು ಆಧಾರವಿಲ್ಲ. ಊರು ಕೆಟ್ಟೀತೆಂಬ ಭಯ ಒಂದು ಕಲಮಲ್ಲ. ಆಪಾದಿತನನ್ನು ಬಿಡುಗಡೆ ಮಾಡಿದೆ.

ಓದಿ ಮುಗಿಸಿ ಅವರು ಕಾಗದ ಕೆಳಗಿಟ್ಟರು. "ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ನೀವು ಬದುಕುತ್ತಿರುವ ರೀತಿ ನನಗೆ ಸರಿ ಕಾಣುವುದಿಲ್ಲ. ಆದರೆ ಅದು ನನ್ನ ಅಭಿಪ್ರಾಯ. ಅದಕ್ಕಾಗಿ ಒಬ್ಬನನ್ನು ಜೈಲಿಗೆ ಹಾಕಲು ನನಗೆ ಸಂಬಳ ಕೊಡುತ್ತಿಲ್ಲ."

"ನಾನು ಕೇಳ್ಲಿಲ್ಲ ಸ್ವಾಮಿ," ಎಂದಳು ಬೊಮ್ಮಕ್ಕ.

ಪೇದೆ ಶ್ ಎಂದ. ಮ್ಯಾಜಿಸ್ಟ್ರೇಟರು ಮುಂದಿನ ಮೊಕದ್ದಮೆ ಕರೆಸಿದರು.

ಹೊರಗೆ ಬಂದ ಮೇಲೆ ಸಣ್ಣಪ್ಪ ಜಗಲಿಯ ಕಂಬಕ್ಕೆ ಒರಗಿ ಕುಳಿತ. ಬೊಮ್ಮಕ್ಕ ಏಕಾಂತಪ್ಪನವರನ್ನು ಕೇಳಿದಳು: "ಸ್ವಾಮಿ, ಜುಂಜಪ್ಪ ಅವತ್ತು ಸೆರಗು ಹರೀದೇ ಇದ್ದಿದ್ರೆ?"

"ಸಣ್ಣಪ್ಪನಿಗೆ ಸಜೆ ಆಗ್ತಿತ್ತು."

"ಜುಂಜಪ್ಪ ಇನ್ನೊಬ್ಬಳನ್ನ ತಂದು ಇಟ್ಕಂಡಿದ್ರೂನು?"

"ಅದಕ್ಕೆ ಕಲಮಿಲ್ಲ."

"ನಾನು ಇವನ ಜೊತೆ ಇರಾಕೆ ಒಪ್ಪಿದ್ರೂನು?"

"ನಿನ್ನ ಒಪ್ಪಿಗೆ ಆ ಕಲಮಿನಲ್ಲಿ ಎಲ್ಲೂ ಬರಲ್ಲಮ್ಮ. ಗಂಡನ ಒಪ್ಪಿಗೆ ಅಷ್ಟೇ."

"ಹಂಗಾರೆ ನೀವು ಗೆದ್ರಿ, ಸಣ್ಣಪ್ಪ ಗೆದ್ದ. ನಾನು ಗೆದ್ದಿಲ್ಲ," ಎಂದಳು ಅವಳು. "ನನ್ನನ್ನ ಒಬ್ಬನ ಕೈಯಿಂದ ಬಿಟ್ಟು ಕೊಟ್ರು ಅಂತ ಬರೆದವ್ರೆ. ನಾನೇ ಬಂದೆ ಅಂತ ಬರೆದಿಲ್ಲ."

ಏಕಾಂತಪ್ಪ ಕೈಯಲ್ಲಿದ್ದ ರುಮಾಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಅಷ್ಟರಲ್ಲಿ ರಂಗಯ್ಯ ಗೌಡರು ಜಗಲಿಯಿಂದ ಇಳಿದು ಬಂದರು. ಹಿಂದೆ ಕುಲದವರು. ಜುಂಜಪ್ಪ ಆಗಲೇ ಯಾರಿಗೂ ಹೇಳದೆ ರಾಮಗಿರಿ ಕಡೆ ಹೊರಟುಹೋಗಿದ್ದ. ಗೌಡರ ಮುಖ ಬಾಡಿತ್ತು, ಆದರೆ ಬೆನ್ನು ಬಾಗಿರಲಿಲ್ಲ.

"ಸರ್ಕಾರ ನಿಮ್ಮನ್ನ ಬಿಡ್ತು. ಕಟ್ಟೆ ಬಿಡಲ್ಲ," ಎಂದರು. "ಇವತ್ತಿನಿಂದ ನಿಮ್ಮಿಬ್ರಿಗೂ ಕುಲದಾಗೆ ಬೆಂಕಿ ನೀರು ಇಲ್ಲ. ಯಾರ ಮದುವೆಗೂ ಕರೆಯಲ್ಲ, ಯಾರ ಸಾವಿಗೂ ಕರೆಯಲ್ಲ."

ಗುಂಪಿನಲ್ಲಿದ್ದ ಬರಗೇರಮ್ಮ, "ನನ್ನ ಸಾವಿಗೆ ಬಾರಮ್ಮ, ನಾನು ಕರೀತೀನಿ," ಎಂದಳು. ಯಾರೋ ಅವಳ ಕೈ ಹಿಡಿದು ಎಳೆದರು.

ಬೊಮ್ಮಕ್ಕ ಗೌಡರ ಮುಖ ನೋಡಿ ಹೇಳಿದಳು: "ಆಗ್ಲಿ ಗೌಡ್ರೆ. ಕರಿಯೋದು ಬಿಡೋದು ನಿಮ್ಮಿಷ್ಟ. ನಿಮಗೆ ನಾನು ಸರಿ ಕಾಣಲ್ಲ ಅಂದ್ರೆ ಮಾತಾಡಿಸ್ಬ್ಯಾಡ್ರಿ, ಮನೆಗೆ ಬರ್ಬ್ಯಾಡ್ರಿ. ನನಗೂ ನೀವು ಮಾಡೋದು ಸರಿ ಕಾಣಲ್ಲ, ನಾನೂ ಮಾತಾಡಲ್ಲ. ಆದ್ರೆ ಜೈಲಿನ ಬೀಗದ ಕೈ ಕೇಳ್ಕಂಡು ಇನ್ನೊಂದು ಸಲ ಇಲ್ಲಿಗೆ ಬರ್ಬ್ಯಾಡ್ರಿ. ಅದು ನಿಮ್ಮ ಕೈಗೆ ಸಿಗೋದಲ್ಲ."

ಅವಳು ಸಣ್ಣಪ್ಪನ ತೋಳು ಹಿಡಿದಳು. "ಏಳಪ್ಪ, ಹೋಗಾಣ." ಜನ ದಾರಿ ಬಿಟ್ಟರು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಪೇಟೆ ಬೀದಿಯ ನಡುವೆ, ಇಬ್ಬರೂ ಜೋಡಿಯಾಗಿ ಐಮಂಗಲದ ದಾರಿ ಹಿಡಿದರು.